ದಾಸವಾಳದ ಕಡ್ಡಿ ಚಿಗುರುತ್ತದೆ, ಬೇರು ಬರುವುದಿಲ್ಲ: ಮನೆ ನರ್ಸರಿಯಲ್ಲಿ ಎಲ್ಲಿ ತಪ್ಪುತ್ತಿದೆ?

ಹಿತ್ತಲಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ಶಿರಸಿ ತಾಲ್ಲೂಕಿನ ಒಂದು ಹಳ್ಳಿ. ಮನೆಯ ಹಿತ್ತಿಲಿನಲ್ಲಿ 11 ಬಗೆಯ ದಾಸವಾಳಗಳಿದ್ದು, ಅವುಗಳ ಕಡ್ಡಿ ನೆಟ್ಟು ಗಿಡ ಮಾಡಿ ಮಾರಲು ಆರಂಭಿಸಿ ಎರಡು ವರ್ಷವಾಯಿತು. ಈ ವರ್ಷ ಜೂನ್ ಎರಡನೇ ವಾರದಲ್ಲಿ, ಮಳೆ ಹಿಡಿದ ಮೇಲೆ, 4 ಇಂಚು ಅಗಲ 6 ಇಂಚು ಎತ್ತರದ ಪ್ಲಾಸ್ಟಿಕ್ ಕೊಟ್ಟೆಗಳಲ್ಲಿ 240 ಕಡ್ಡಿ ನೆಟ್ಟೆ. ಅಂಗಳದ ಕೆಂಪು ಮಣ್ಣು, ಸಗಣಿ ಗೊಬ್ಬರ ಮತ್ತು ತೆಂಗಿನ ನಾರಿನ ಪುಡಿಯನ್ನು ಸಮನಾಗಿ ಬೆರೆಸಿ ತುಂಬಿದ್ದೆ.

ಹನ್ನೆರಡು ದಿನಗಳಲ್ಲಿ ಹೆಚ್ಚಿನವು ಚಿಗುರಿದವು. ಒಂದು ತಿಂಗಳಾಗುವಷ್ಟರಲ್ಲಿ ಮೂರು ನಾಲ್ಕು ಎಲೆ ಬಂದಿದ್ದರಿಂದ 70 ಗಿಡಗಳನ್ನು ತಲಾ 40 ರೂಪಾಯಿಗೆ ಮಾರಿದೆ. ಜುಲೈ ಕೊನೆಯಿಂದ ಎಲೆಗಳು ಬಾಡತೊಡಗಿ, ಒಂದೊಂದಾಗಿ ಉದುರಿ, ಮನೆಯಲ್ಲಿದ್ದ 130 ಗಿಡಗಳು ಸತ್ತವು. ಕೊಂಡವರಲ್ಲಿಯೂ 22 ಗಿಡ ಸತ್ತಿರುವುದಾಗಿ ಹೇಳಿದರು, ನಾನು ಹಣ ಮರಳಿಸಿದೆ. ಈಗ 40 ಉಳಿದಿವೆ. ಚಿಗುರಿದ ಗಿಡ ಏಕೆ ಸಾಯುತ್ತದೆ ಎಂಬುದೇ ನನಗೆ ಅರ್ಥವಾಗುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಹಸಿರುತಾರಸಿ:

ಅಕ್ಕಾ, ನೀವು ಬೇರು ಬರಿಸುವ ಪುಡಿಯನ್ನು ಬಳಸಿದ್ದಾಗಿ ಎಲ್ಲಿಯೂ ಬರೆದಿಲ್ಲ, ಆದ್ದರಿಂದ ಕಾರಣ ಅದೇ ಇರಬೇಕು. ನಾನು ಬೆಂಗಳೂರಿನ ನಮ್ಮ ಮನೆಯ ತಾರಸಿಯಲ್ಲಿ ಕಡ್ಡಿಯ ಬುಡವನ್ನು ಆ ಪುಡಿಯಲ್ಲಿ ಅದ್ದಿ ನೆಡುತ್ತೇನೆ, ಹತ್ತರಲ್ಲಿ ಎಂಟು ಗಿಡವಾಗುತ್ತವೆ. ಗೊಬ್ಬರದ ಅಂಗಡಿಯಲ್ಲಿ ಚಿಕ್ಕ ಡಬ್ಬಿ ಸಿಗುತ್ತದೆ. ಮುಂದಿನ ಸಲ ಅದನ್ನು ಹಚ್ಚಿದರೆ ನಿಮ್ಮ ತೊಂದರೆ ಪೂರ್ತಿ ನಿವಾರಣೆಯಾಗುತ್ತದೆ.

ಕಾನುತೋಟ:

ಹಿತ್ತಲಮನೆಯವರೇ, ಸಾಗರದ ಕಡೆ ನಾನು 19 ವರ್ಷಗಳಿಂದ ದಾಸವಾಳ, ಡೇರೆ ಮತ್ತು ಕಾಳುಮೆಣಸಿನ ಗಿಡಗಳನ್ನು ಮನೆಯಲ್ಲಿಯೇ ಮಾಡಿ ಮಾರುತ್ತಿದ್ದೇನೆ. ನಿಮಗೆ ಆದದ್ದು ನನಗೂ ಮೊದಲ ಮೂರು ಮಳೆಗಾಲಗಳಲ್ಲಿ ಆಗಿದೆ.

ಕಡ್ಡಿಯಲ್ಲಿ ಚಿಗುರು ಬರಲು ಬೇರು ಬೇಕಾಗಿಲ್ಲ. ಟೊಂಗೆಯನ್ನು ಕತ್ತರಿಸುವಾಗಲೇ ಅದರ ಒಳಗೆ ಸ್ವಲ್ಪ ಆಹಾರ ಮತ್ತು ನೀರು ಕೂಡಿಟ್ಟುಕೊಂಡಿರುತ್ತದೆ, ಮಳೆಗಾಲದ ತೇವದ ಗಾಳಿಯಲ್ಲಿ ಗಿಣ್ಣಿನ ಮೊಗ್ಗು ಅದನ್ನೇ ಉಂಡು ಎಲೆ ಬಿಡುತ್ತದೆ. ಜೂನ್ ತಿಂಗಳಲ್ಲಿ ಬಿಸಿಲಿಲ್ಲದ ಕಾರಣ ಎಲೆಯಿಂದ ನೀರು ಆರಿ ಹೋಗುವುದೂ ಕಡಿಮೆ, ಹಾಗಾಗಿ ಬೇರಿಲ್ಲದ ಗಿಡವೂ ಒಂದು ತಿಂಗಳು ಹಸಿರಾಗಿ ನಿಂತಿರಬಲ್ಲದು. ನಡುವೆ ಎರಡು ದಿನ ಹೊಳವಾಗಿ ಬಿಸಿಲು ಬಿದ್ದರೆ, ಅಥವಾ ಕೊಂಡವರು ತಮ್ಮ ಮನೆಯ ಮುಂದೆ ಬಿಸಿಲಿಗೆ ಇಟ್ಟರೆ, ಎಲೆ ಕೇಳುವ ನೀರನ್ನು ಕೊಡಲು ಕೆಳಗೆ ಏನೂ ಇರುವುದಿಲ್ಲ. ದಾಸವಾಳಕ್ಕೆ ಬೇರು ಬರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ನೀವು ನಾಲ್ಕನೇ ವಾರದಲ್ಲಿಯೇ ಮಾರಿದ್ದೀರಿ.

ಬೇರಿಲ್ಲದ ಚಿಗುರನ್ನು ಮೇಲಿನಿಂದಲೇ ಗುರುತಿಸಬಹುದು. ಅದರ ಎಲೆಗಳು ಸಣ್ಣವಾಗಿಯೂ ತೆಳು ಹಸಿರಾಗಿಯೂ ಇದ್ದು, ಎರಡು ಮೂರು ಬಂದ ಮೇಲೆ ಬೆಳವಣಿಗೆ ನಿಂತುಬಿಡುತ್ತದೆ. ಬೇರು ಬಂದ ಗಿಡದಲ್ಲಿ ಕೆಲವು ದಿನಗಳ ಬಿಡುವಿನ ನಂತರ ಎರಡನೇ ಸುತ್ತಿನ ಎಲೆ ಹೊರಡುತ್ತದೆ, ಆ ಎಲೆಗಳು ತಾಯಿಗಿಡದ ಎಲೆಯಷ್ಟೇ ದಪ್ಪ ಮತ್ತು ಕಡು ಬಣ್ಣದವಾಗಿರುತ್ತವೆ. ಎರಡನೇ ಸುತ್ತು ಕಾಣುವ ತನಕ ನಾನು ಯಾವ ಗಿಡವನ್ನೂ ಮಾರುವುದಿಲ್ಲ. ಗಟ್ಟಿಯಾಗಿದೆಯೇ ಎಂದು ಕಡ್ಡಿಯನ್ನು ಎಳೆದು ನೋಡುವವರಿದ್ದಾರೆ. ಹೊಸ ಬೇರು ತುಂಬ ಮೆದುವಾಗಿರುವುದರಿಂದ ಎಳೆದ ಕೂಡಲೇ ತುಂಡಾಗುತ್ತದೆ, ಆ ಪದ್ಧತಿ ಬೇಡ.

ಹಸಿರುತಾರಸಿಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಪುಡಿ ಹಚ್ಚಿದರೆ ಬೇರು ಬೇಗ ಬರುತ್ತದೆ ಮತ್ತು ಹೆಚ್ಚು ಬರುತ್ತದೆ. ಆದರೆ ಕೆಳಗಿನಿಂದ ಕೊಳೆಯುತ್ತಿರುವ ಕಡ್ಡಿಯನ್ನು ಆ ಪುಡಿ ಉಳಿಸಲಾರದು. ನೀವು ಸತ್ತ ಗಿಡಗಳನ್ನು ಕಿತ್ತು ನೋಡಿದ್ದೀರಾ? ಬುಡ ಹೇಗಿತ್ತು ಎಂಬುದನ್ನು ಹೇಳಿದರೆ ಮುಂದಿನದನ್ನು ಬರೆಯುತ್ತೇನೆ.

ಮೊಗ್ಗುಮಾಲೆ:

ನಮ್ಮ ಮನೆಯಲ್ಲಿಯೂ ಇದೇ ತೊಂದರೆ. ಕುಂಡದಲ್ಲಿರುವ ಗುಲಾಬಿ ಬಣ್ಣದ ದಾಸವಾಳದಲ್ಲಿ ಮೊಗ್ಗುಗಳು ಅರಳುವ ಮೊದಲೇ ಹಳದಿಯಾಗಿ ಉದುರುತ್ತಿವೆ. ಗಿಡ ಮೂರು ವರ್ಷದ್ದು. ಇದಕ್ಕೂ ಬೇರಿನ ಪುಡಿಯನ್ನು ಹಾಕಬಹುದೇ?

ಕಾನುತೋಟ:

ಮೊಗ್ಗುಮಾಲೆಯವರೇ, ನಿಮ್ಮದು ಬೇರೆಯ ವಿಷಯ, ಪುಡಿಯನ್ನು ಹಾಕಬೇಡಿ. ಉದುರಿದ ಮೊಗ್ಗನ್ನು ಉಗುರಿನಿಂದ ಸೀಳಿ ನೋಡಿ. ಒಳಗೆ ಸಣ್ಣ ಹುಳು ಇದ್ದರೆ ಬಿದ್ದ ಮೊಗ್ಗುಗಳನ್ನೆಲ್ಲ ದಿನವೂ ಆಯ್ದು ನಾಶಪಡಿಸಬೇಕು. ಹುಳು ಇಲ್ಲದಿದ್ದರೆ ಕುಂಡದ ಮಣ್ಣು ಒಮ್ಮೆ ಪೂರ್ತಿ ಒಣಗಿ ಒಮ್ಮೆ ನೆನೆಯುತ್ತಿರಬಹುದು. ಹೆಚ್ಚಿನ ಚರ್ಚೆಗೆ ಇದನ್ನು ಬೇರೆ ಪ್ರಶ್ನೆಯಾಗಿ ಹಾಕಿದರೆ ಒಳ್ಳೆಯದು.

ಹಿತ್ತಲಮನೆ:

ಕಾನುತೋಟದ ಅಣ್ಣಾ, ನೀವು ಹೇಳಿದ ಮೇಲೆ ಉಳಿದಿರುವ 40ರಲ್ಲಿ ಐದು ಕೊಟ್ಟೆಗಳನ್ನು ಬ್ಲೇಡಿನಿಂದ ಸೀಳಿ, ನೀರಿನ ಬಕೆಟ್ಟಿನಲ್ಲಿ ಅದ್ದಿ ಮಣ್ಣು ಬಿಡಿಸಿ ನೋಡಿದೆ. ಎರಡರಲ್ಲಿ ಗಿಣ್ಣಿನ ಕೆಳಗೆ ಬಿಳಿಯ ಬೇರುಗಳು ಬೆರಳುದ್ದ ಬಂದಿದ್ದವು. ಒಂದರ ಬುಡದಲ್ಲಿ ಕತ್ತರಿಸಿದ ಅಂಚಿನ ಸುತ್ತ ಅನ್ನದ ಅಗುಳಿನಂತೆ ಬೆಳ್ಳಗೆ ಉಬ್ಬಿತ್ತು, ಬೇರು ಇರಲಿಲ್ಲ. ಉಳಿದ ಎರಡರ ಬುಡ ಎರಡು ಇಂಚು ಕಪ್ಪಾಗಿದ್ದು, ಬೆರಳಿನಿಂದ ತೀಡಿದರೆ ಸಿಪ್ಪೆ ಕಾಲುಚೀಲದಂತೆ ಜಾರಿ ಬಂತು, ವಾಸನೆಯೂ ಇತ್ತು. ಆ ಎರಡರ ಮೇಲೆಯೂ ಹಸಿರು ಎಲೆಗಳಿದ್ದವು ಎಂಬುದು ನನಗೆ ಬಹಳ ಬೇಸರ ತಂದಿತು, ಏಕೆಂದರೆ ಅಂಥವುಗಳನ್ನೇ ನಾನು ಒಳ್ಳೆಯ ಗಿಡವೆಂದು ಜನರ ಕೈಗೆ ಕೊಟ್ಟಿದ್ದೇನೆ.

ಕಾನುತೋಟ:

ನೀವು ಬರೆದದ್ದು ಸ್ಪಷ್ಟವಾಗಿದೆ. ಅಗುಳಿನಂತೆ ಉಬ್ಬಿದ್ದು ಗಾಯ ಮಾಯುವಾಗ ಬರುವ ಬೆಳವಣಿಗೆ. ಆ ಕಡ್ಡಿ ಬದುಕಿದೆ, ಅದನ್ನು ಮರಳಿನಲ್ಲಿ ನೆಟ್ಟು ನೆರಳಿನಲ್ಲಿಡಿ, ಬೇರು ಬರುವ ಸಾಧ್ಯತೆ ಚೆನ್ನಾಗಿದೆ. ಕಪ್ಪಾದವು ನೀರು ನಿಂತು ಕೊಳೆತಿವೆ, ಅವುಗಳ ಮಣ್ಣನ್ನು ಮತ್ತೆ ಕೊಟ್ಟೆಗೆ ತುಂಬಬೇಡಿ.

ಕೊಳೆಯಲು ನಿಮ್ಮ ಮಿಶ್ರಣವೇ ಮುಖ್ಯ ಕಾರಣ. ಬೇರಿಲ್ಲದ ಕಡ್ಡಿ ಗೊಬ್ಬರವನ್ನು ತಿನ್ನುವುದಿಲ್ಲ, ತಿನ್ನುವುದು ಅದರ ಸುತ್ತಲಿನ ಬೂಷ್ಟು. ತೆಂಗಿನ ನಾರಿನ ಪುಡಿ ಬಯಲುಸೀಮೆಯ ಬೇಸಿಗೆಯಲ್ಲಿ ಬಹಳ ಉಪಕಾರಿಯಾದರೂ ನಮ್ಮ ಜುಲೈ ಮಳೆಯಲ್ಲಿ ಹಿಂಡಿದರೆ ನೀರು ಸೋರುವಂತೆ ನೆನೆದೇ ಇರುತ್ತದೆ. ಅದರ ಜೊತೆಗೆ ಜಿಗುಟು ಕೆಂಪು ಮಣ್ಣು ಸೇರಿದರೆ ಬುಡಕ್ಕೆ ಗಾಳಿ ಹೋಗುವ ದಾರಿಯೇ ಮುಚ್ಚುತ್ತದೆ. ಬೇರು ಹುಟ್ಟಲು ತೇವದಷ್ಟೇ ಗಾಳಿಯೂ ಬೇಕು.

ನಾನು ಕೊಟ್ಟೆಯಲ್ಲಿ ನೇರವಾಗಿ ನೆಡುವುದನ್ನು ಬಿಟ್ಟು 14 ವರ್ಷವಾಯಿತು. 4 ಅಡಿ ಉದ್ದ, 3 ಅಡಿ ಅಗಲಕ್ಕೆ ಸುತ್ತ ಇಟ್ಟಿಗೆ ಇಟ್ಟು, ಅಡಿಯಲ್ಲಿ ಎರಡು ಇಂಚು ಜಲ್ಲಿ ಹರಡಿ, ಅದರ ಮೇಲೆ ಆರು ಇಂಚು ತೊಳೆದ ಹೊಳೆ ಮರಳು ತುಂಬುತ್ತೇನೆ. ಗೊಬ್ಬರ, ಮಣ್ಣು ಏನೂ ಇಲ್ಲ. ಸಾಲಿನಿಂದ ಸಾಲಿಗೆ ಮೂರು ಇಂಚು, ಕಡ್ಡಿಯಿಂದ ಕಡ್ಡಿಗೆ ಎರಡು ಇಂಚು ಬಿಟ್ಟರೆ ನಿಮ್ಮ 240 ಕಡ್ಡಿಗಳೂ ಆ ಒಂದೇ ಮಡಿಯಲ್ಲಿ ಹಿಡಿಯುತ್ತವೆ. ಮೇಲೆ ಬಿದಿರಿನ ದಬ್ಬೆಯನ್ನು ಬಗ್ಗಿಸಿ ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿದರೆ ಮಳೆಯ ನೀರು ನೇರವಾಗಿ ಬೀಳುವುದಿಲ್ಲ, ಒಳಗಿನ ಗಾಳಿಯೂ ಒಣಗುವುದಿಲ್ಲ. ಈ ಮಡಿಗೆ ನೇರ ಬಿಸಿಲು ತಾಗಬಾರದು, ತಾಗಿದರೆ ಪ್ಲಾಸ್ಟಿಕ್ಕಿನ ಒಳಗೆ ಕಡ್ಡಿಗಳು ಬೆಂದು ಹೋಗುತ್ತವೆ. ದಿನವೂ ಬೆಳಿಗ್ಗೆ ಅರ್ಧ ಗಂಟೆ ಹೊದಿಕೆಯನ್ನು ತೆರೆದಿಡುತ್ತೇನೆ.

ಕಡ್ಡಿಯ ಆಯ್ಕೆಯ ಬಗ್ಗೆಯೂ ಹೇಳಬೇಕು. ಮಾರ್ಚ್ ತಿಂಗಳಲ್ಲಿ ತಾಯಿಗಿಡವನ್ನು ಸವರಿದರೆ ಮೇ ಹೊತ್ತಿಗೆ ಹೊಸ ಟೊಂಗೆಗಳು ಹದಕ್ಕೆ ಬರುತ್ತವೆ. ಸಿಪ್ಪೆಯ ಬಣ್ಣ ಹಸಿರಿನಿಂದ ಕಂದಿಗೆ ತಿರುಗುತ್ತಿರುವ, ಪೆನ್ಸಿಲ್ ದಪ್ಪದ ಭಾಗವೇ ಆ ಹದ. ತುದಿಯ ಎಳೆಯ ಭಾಗ ಕೊಳೆಯುತ್ತದೆ, ಬುಡದ ಮುದಿ ಭಾಗ ನಿಧಾನ. ಆರೇಳು ಇಂಚು ಉದ್ದ ಇಟ್ಟು, ಕೆಳಗಿನ ಗಿಣ್ಣಿನ ತೀರ ಕೆಳಗೆ ಹರಿತವಾದ ಕತ್ತರಿಯಿಂದ ಕತ್ತರಿಸಿ, ಮೇಲಿನ ಎರಡು ಎಲೆಗಳನ್ನು ಮಾತ್ರ ಉಳಿಸಿ, ಅವುಗಳನ್ನೂ ಅರ್ಧಕ್ಕೆ ಕತ್ತರಿಸುತ್ತೇನೆ. ಮೊಗ್ಗು ಇದ್ದರೆ ತೆಗೆಯಲೇಬೇಕು. ಮೇ ಮೊದಲ ವಾರದಲ್ಲಿ ನೆಟ್ಟರೆ ದೊಡ್ಡ ಮಳೆಗೆ ಮೊದಲೇ ಬೇರು ಕೂಡುತ್ತದೆ. ಅದು ತಪ್ಪಿದರೆ ನಾನು ಸೆಪ್ಟೆಂಬರ್ ಕೊನೆಯವರೆಗೆ ಕಾಯುತ್ತೇನೆಯೇ ಹೊರತು ಜೂನ್, ಜುಲೈ ತಿಂಗಳಲ್ಲಿ ಮುಟ್ಟುವುದಿಲ್ಲ.

ಕರಾವಳಿಗಿಡ:

ಕಾನುತೋಟದವರ ಅನುಭವದ ಬಗ್ಗೆ ನನಗೆ ಗೌರವವಿದೆ, ಆದರೆ ಮರಳಿನ ಮಡಿಯ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಉಡುಪಿಯ ಕಡೆ ನಾನು ದಾಸವಾಳದ ಗೆಲ್ಲುಗಳನ್ನು ಜೂನ್ ತಿಂಗಳಲ್ಲಿಯೇ, ನೇರವಾಗಿ ತೊಟ್ಟೆಯಲ್ಲಿಯೇ ನೆಡುತ್ತೇನೆ. ಎರಡು ಪಾಲು ಮರಳು, ಒಂದು ಪಾಲು ಮಣ್ಣು, ಅಷ್ಟೇ. ತೊಟ್ಟೆಗಳನ್ನು ತಗಡಿನ ಮಾಡಿನ ಕೆಳಗೆ ಇಟ್ಟು, ನೀರನ್ನು ನಾನೇ ಅಳೆದು ಕೊಡುತ್ತೇನೆ. ಮಡಿಯಿಂದ ಕಿತ್ತು ತೊಟ್ಟೆಗೆ ಹಾಕುವಾಗ ಬೇರು ತುಂಡಾಗಿ ನನಗೆ ಒಂದು ವರ್ಷ ಅರ್ಧಕ್ಕರ್ಧ ಗಿಡ ಹೋಯಿತು. ಆಮೇಲೆ ಆ ದಾರಿಗೆ ಹೋಗಲಿಲ್ಲ.

ಕಾನುತೋಟ:

ಕಿತ್ತಾಗ ಬೇರು ಎಷ್ಟು ಉದ್ದವಿತ್ತು ಎಂಬುದರ ಮೇಲೆ ಅದು ನಿಂತಿದೆ, ತಂಗೀ. ಒಂದು, ಒಂದೂವರೆ ಇಂಚು ಇರುವಾಗಲೇ ಮರಳನ್ನು ಚೆನ್ನಾಗಿ ನೆನೆಸಿ, ಕೆಳಗಿನಿಂದ ಚಪ್ಪಟೆ ಕಡ್ಡಿ ಹಾಕಿ ಎತ್ತಬೇಕು. ಉದ್ದ ಬಿಟ್ಟರೆ ಒಂದರ ಬೇರು ಇನ್ನೊಂದಕ್ಕೆ ಹೆಣೆದುಕೊಂಡು ಹರಿಯುತ್ತದೆ. ನಿಮ್ಮಲ್ಲಿ ಮಾಡು ಇದೆ ಮತ್ತು ಮಿಶ್ರಣದಲ್ಲಿ ಮರಳು ಹೆಚ್ಚಿದೆ, ಹಾಗಾಗಿ ತೊಟ್ಟೆಯ ಪದ್ಧತಿ ನಡೆಯುತ್ತಿರಬಹುದು. ತೆರೆದ ಅಂಗಳದಲ್ಲಿ ಅದು ನಡೆಯುವುದಿಲ್ಲ ಎಂಬುದು ನನ್ನ ಮಾತು.

ಕರಾವಳಿಗಿಡ:

ನಾನು ಎರಡು ಇಂಚಿಗಿಂತ ಉದ್ದ ಬಿಟ್ಟಿದ್ದು ನಿಜ. ಆದರೂ ಒಂದೇ ಗಿಡವನ್ನು ಎರಡು ಸಲ ನೆಡುವ ಕೆಲಸ ನನ್ನೊಬ್ಬಳಿಂದ ಆಗುವುದಿಲ್ಲ, ತೊಟ್ಟೆಯನ್ನೇ ಮುಂದುವರಿಸುತ್ತೇನೆ.

ಬಯಲುಹೂವು:

ನಾನು ದಾವಣಗೆರೆಯ ಕಡೆಯವನು. ನಾವು 98 ಕುಳಿಯ ಟ್ರೇಗಳಲ್ಲಿ ಚೆಂಡುಹೂವಿನ ಸಸಿ ಮಾಡಿ ರೈತರಿಗೆ ಮಾರುತ್ತೇವೆ. ನಮ್ಮಲ್ಲಿ ನಾರಿನ ಪುಡಿಯನ್ನೇ ತುಂಬುವುದು, ಮರಳು ಯಾರೂ ಬಳಸುವುದಿಲ್ಲ. ಆದರೆ ಈ ಸಲ ಎರಡೆಲೆಯ ಸಸಿಗಳು ಒಂದು ಮೂಲೆಯಿಂದ ಆರಂಭವಾಗಿ ಸಾಲುಸಾಲಾಗಿ ಅಡ್ಡ ಬಿದ್ದವು. ಇದೂ ಅದೇ ಕೊಳೆಯೇ?

ಕಾನುತೋಟ:

ಬಿದ್ದ ಸಸಿಯ ಕಾಂಡ ಮಣ್ಣಿಗೆ ತಾಗುವಲ್ಲಿ ದಾರದಂತೆ ಸೊರಗಿ, ಮೇಲಿನ ಎಲೆ ಇನ್ನೂ ಹಸಿರಾಗಿಯೇ ಇದ್ದರೆ ಅದು ಸಸಿ ಕೊಳೆ ರೋಗ. ಬೀಜದ ಸಸಿಗೆ ನಾರಿನ ಪುಡಿ ಸರಿಯಾದದ್ದೇ, ಅದನ್ನು ಬದಲಿಸಬೇಕಾಗಿಲ್ಲ. ಸಂಜೆ ನೀರು ಹಾಕುವುದನ್ನು ಬಿಟ್ಟು ಬೆಳಿಗ್ಗೆ ಹಾಕಿ, ರಾತ್ರಿಯ ಹೊತ್ತಿಗೆ ಮೇಲ್ಮೈ ಒಣಗಿರುವಂತೆ ನೋಡಿಕೊಳ್ಳಿ. ಬಿದ್ದ ಜಾಗದ ಸುತ್ತಲಿನ ಎರಡು ಸಾಲು ಕುಳಿಗಳನ್ನು ಮಿಶ್ರಣದ ಸಮೇತ ತೆಗೆದುಬಿಡಿ. ಹಳೆಯ ಟ್ರೇಯನ್ನು ತೊಳೆಯದೆ ಮತ್ತೆ ತುಂಬಿದ್ದೀರಾ?

ಬಯಲುಹೂವು:

ಹೌದು ಸರ್, ಕೊಡವಿ ಹಾಗೆಯೇ ತುಂಬಿದ್ದೆವು. ಇನ್ನು ಮುಂದೆ ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ತೊಳೆದು ಒಣಗಿಸಿ ಬಳಸುತ್ತೇವೆ.

ಲೆಕ್ಕದಪುಸ್ತಕ:

ನನ್ನ ಹೆಂಡತಿ ನಡೆಸುವ ಸಣ್ಣ ನರ್ಸರಿಯ ಲೆಕ್ಕವನ್ನು ನಾನು ಬರೆಯುತ್ತೇನೆ. ಹಿತ್ತಲಮನೆಯ ತಂಗಿಯವರು 40 ರೂಪಾಯಿ ಎಂಬ ಬೆಲೆಯನ್ನು ಹೇಗೆ ಇಟ್ಟರು, ಎಷ್ಟು ಖರ್ಚಾಯಿತು ಎಂಬುದನ್ನು ತಿಳಿಸಿದರೆ ಒಂದು ಮಾತು ಹೇಳಬೇಕೆಂದಿದ್ದೇನೆ.

ಹಿತ್ತಲಮನೆ:

ಕೊಟ್ಟೆ, ಮಣ್ಣು, ಗೊಬ್ಬರ ಸೇರಿ ಒಂದಕ್ಕೆ 4 ರೂಪಾಯಿ ಬಿತ್ತು. ಅದನ್ನು 40ಕ್ಕೆ ಮಾರಿದರೆ ಸಾಕಷ್ಟು ಉಳಿಯುತ್ತದೆ ಎಂದುಕೊಂಡಿದ್ದೆ. ಮಣ್ಣು ತುಂಬಲು ಇಬ್ಬರು ಒಂದು ದಿನ ಬಂದಿದ್ದರು, ತಲಾ 400 ಕೊಟ್ಟೆ. ನಾನು ದಿನಕ್ಕೆ 20 ನಿಮಿಷದಂತೆ ಮೂರು ತಿಂಗಳು ಅವುಗಳ ಹಿಂದೆ ಓಡಾಡಿದ್ದೇನೆ.

ಲೆಕ್ಕದಪುಸ್ತಕ:

ಹಾಗಾದರೆ 240 ಕೊಟ್ಟೆಗೆ 960, ಕೂಲಿ 800, ನಿಮ್ಮ ದುಡಿಮೆ 30 ಗಂಟೆ. ನಿಮ್ಮ ಗಂಟೆಗೆ 50 ರೂಪಾಯಿ ಎಂದು ಕಡಿಮೆಯಲ್ಲಿಯೇ ಹಿಡಿದರೂ 1,500 ಆಗುತ್ತದೆ. ಒಟ್ಟು 3,260. ಕೈಯಲ್ಲಿ ನಿಂತ ಹಣ 48 ಗಿಡಗಳದ್ದು, ಅಂದರೆ 1,920. ಆ ಖರ್ಚನ್ನು 48ರಿಂದ ಭಾಗಿಸಿದರೆ ಒಂದು ಗಿಡಕ್ಕೆ ಸುಮಾರು 68 ರೂಪಾಯಿ ಬೀಳುತ್ತದೆ, ನೀವು ಮಾರಿದ್ದು 40ಕ್ಕೆ. ಉಳಿದ ಗಿಡಗಳೆಲ್ಲ ಬದುಕಿ ಮಾರಾಟವಾದರೂ ನಷ್ಟ ತುಂಬಿ ಅಲ್ಪಸ್ವಲ್ಪ ಕೈಗೆ ಬರಬಹುದು, ಅಷ್ಟೇ. ಮನೆಯ ಕೆಲಸವೆಂದು ಹೆಣ್ಣುಮಕ್ಕಳು ತಮ್ಮ ಹೊತ್ತನ್ನು ಲೆಕ್ಕಕ್ಕೆ ಬರೆಯುವುದಿಲ್ಲ, ನಮ್ಮ ಮನೆಯಲ್ಲಿಯೂ ಹಾಗೆಯೇ ಇತ್ತು. ಅದು ನನಗೆ ಸರಿ ಕಾಣುವುದಿಲ್ಲ.

ಮರಳಿನ ಮಡಿಯ ಇನ್ನೊಂದು ಲಾಭ ಈ ಲೆಕ್ಕದಲ್ಲಿ ಕಾಣುತ್ತದೆ. 240 ಕಡ್ಡಿಯಲ್ಲಿ 150ಕ್ಕೆ ಬೇರು ಬಂತೆಂದು ಇಟ್ಟುಕೊಳ್ಳಿ. ಕೊಟ್ಟೆ, ಮಣ್ಣು, ಕೂಲಿ ಎಲ್ಲವೂ ಆ 150ಕ್ಕೆ ಮಾತ್ರ ಬೀಳುತ್ತವೆ, ಸತ್ತ 90ಕ್ಕೆ ಒಂದು ಕೊಟ್ಟೆಯೂ ಖರ್ಚಾಗುವುದಿಲ್ಲ. ಮೊದಲ ಆರು ವಾರ ನೀರು ಹಾಕುವುದೂ ಒಂದೇ ಮಡಿಗೆ. ನಾವು ಕೂಡ ಎರಡು ವರ್ಷದಿಂದ ಹೀಗೆಯೇ ಮಾಡುತ್ತಿದ್ದು, ನನ್ನ ಹೆಂಡತಿಯ ದುಡಿಮೆಯನ್ನು ಸೇರಿಸಿಯೂ ಒಂದು ಗಿಡಕ್ಕೆ 20 ರೂಪಾಯಿಯ ಆಸುಪಾಸು ಬೀಳುತ್ತಿದೆ.

ಹಸಿರುತಾರಸಿ:

ಕಾನುತೋಟದ ಸರ್ ಹೇಳಿದ್ದನ್ನು ಒಪ್ಪುತ್ತೇನೆ, ತಾರಸಿಯಲ್ಲಿ ನಾನು ಮಳೆ ಬೀಳದ ಕಡೆ ಕುಂಡ ಇಡುತ್ತೇನೆ ಎಂಬುದನ್ನು ಗಮನಿಸಿರಲಿಲ್ಲ. ಆದರೆ ಇನ್ನೊಂದು ಸಂಶಯವಿದೆ. ಹೊರರಾಜ್ಯದಿಂದ ಬರುವ ದೊಡ್ಡ ಹೂವಿನ, ಎರಡು ಬಣ್ಣದ ಹೈಬ್ರಿಡ್ ದಾಸವಾಳದ ಕಡ್ಡಿಗೆ ಪುಡಿ ಹಚ್ಚಿದರೂ ಬೇರು ಬರಲಿಲ್ಲ. ಅವುಗಳನ್ನು ಮಾರಿದರೆ ಬೆಲೆ ಹೆಚ್ಚು ಸಿಗುತ್ತದೆ.

ಕಾನುತೋಟ:

ಅವುಗಳಲ್ಲಿ ಹಲವು ಸ್ವಂತ ಬೇರಿನಲ್ಲಿ ದುರ್ಬಲ. ಆದ್ದರಿಂದಲೇ ನಮ್ಮ ಬೇಲಿಯ ಒಂಟಿ ಎಸಳಿನ ಕೆಂಪು ದಾಸವಾಳದಂಥ ಗಟ್ಟಿ ಗಿಡಕ್ಕೆ ಕಸಿ ಕಟ್ಟುತ್ತಾರೆ. ಕಸಿ ಗಿಡ ಮಾರುವುದಾದರೆ, ಗಂಟಿನ ಕೆಳಗೆ ಬರುವ ಚಿಗುರನ್ನು ಚಿವುಟುತ್ತಿರಬೇಕೆಂದು ಕೊಳ್ಳುವವರಿಗೆ ಬಾಯಿ ಬಿಟ್ಟು ಹೇಳಬೇಕು. ಹೇಳದಿದ್ದರೆ ವರ್ಷ ಕಳೆಯುವುದರಲ್ಲಿ ಕೆಳಗಿನ ಕೆಂಪು ಗಿಡವೇ ಬೆಳೆದು, ಹಳದಿ ಹೂವೆಂದು ಹೇಳಿ ಮೋಸ ಮಾಡಿದಿರಿ ಎಂಬ ಮಾತು ಬರುತ್ತದೆ. ನನಗೆ ಬಂದಿದೆ.

ಕರಾವಳಿಗಿಡ:

ಹಣ ಮರಳಿಸುವ ಬಗ್ಗೆ ಎಲ್ಲರೂ ಏನು ಮಾಡುತ್ತೀರಿ? ಕೊಂಡವರು ಸರಿಯಾಗಿ ನೋಡಿಕೊಳ್ಳದೆ ಸತ್ತ ಗಿಡಕ್ಕೂ ನಾವೇ ಹೊಣೆಯಾದರೆ ಕಷ್ಟ. ನಾನು ಕೊಡುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ.

ಲೆಕ್ಕದಪುಸ್ತಕ:

ನಾವು 15 ದಿನದ ಒಳಗೆ ಸತ್ತ ಗಿಡವನ್ನು ಕೊಟ್ಟೆಯ ಸಮೇತ ತಂದರೆ ಬೇರೆ ಗಿಡ ಕೊಡುತ್ತೇವೆ, ಹಣ ಕೊಡುವುದಿಲ್ಲ. ತಂದ ಗಿಡವನ್ನು ಬಿಚ್ಚಿ ನೋಡಿದರೆ ತಪ್ಪು ಯಾರದೆಂದು ಬೇರೇ ಹೇಳುತ್ತದೆ. ಆದರೆ ಅದಕ್ಕೆ ಮೊದಲು ಗಿಡವನ್ನು ಬಿಸಿಲಿಗೆ ಒಗ್ಗಿಸಿರಬೇಕು. ಬೇರು ಬಂದ ಮೇಲೆ ಹತ್ತು ಹದಿನೈದು ದಿನ ಬೆಳಗಿನ ಬಿಸಿಲಿನಲ್ಲಿ ಇಟ್ಟು ಮಾರಿದಂದಿನಿಂದ ನಮಗೆ ದೂರು ಬರುವುದು ಬಹಳ ಕಡಿಮೆಯಾಗಿದೆ.

ಕರಾವಳಿಗಿಡ:

ಪೇಟೆಯ ಸಂತೆಯಲ್ಲಿ ಕೊಂಡವರು ಮತ್ತೆ ಬರುವುದೇ ಇಲ್ಲ. ನನಗೆ ಇದು ಇನ್ನೂ ಒಪ್ಪಿಗೆಯಾಗಿಲ್ಲ.

ಹಿತ್ತಲಮನೆ:

ಎಲ್ಲರಿಗೂ ಧನ್ಯವಾದಗಳು. ಬಿಚ್ಚಿ ನೋಡಿದ ಐದರಲ್ಲಿ ಬೇರಿದ್ದ ಎರಡನ್ನು ಹೊಸ ಮಣ್ಣಿಗೆ ಹಾಕಿದ್ದೇನೆ, ಬುಡ ಉಬ್ಬಿದ್ದ ಒಂದು ಮರಳಿನಲ್ಲಿದೆ. ಉಳಿದ 35 ಕೊಟ್ಟೆಗಳನ್ನು ಇಂದು ಕೊಟ್ಟಿಗೆಯ ಮಾಡಿನ ಕೆಳಗೆ ತಂದಿಟ್ಟು, ಪ್ರತಿಯೊಂದಕ್ಕೂ ಕೆಳಗೆ ಇನ್ನೂ ನಾಲ್ಕು ತೂತು ಮಾಡಿದೆ. ಅವುಗಳಲ್ಲಿ 14ರಲ್ಲಿ ಎರಡನೇ ಸುತ್ತಿನ ಎಲೆ ಕಾಣುತ್ತಿದೆ, ಅವುಗಳಿಗೆ ಕೆಂಪು ದಾರ ಕಟ್ಟಿದ್ದೇನೆ. ದಾರ ಇಲ್ಲದವನ್ನು ಯಾರು ಕೇಳಿದರೂ ಕೊಡುವುದಿಲ್ಲ. ಮಡಿಗೆ ಬೇಕಾದ ಇಟ್ಟಿಗೆ ಮನೆಯಲ್ಲಿಯೇ ಇದೆ, ಮರಳನ್ನು ಮಳೆ ಇಳಿದ ಮೇಲೆ ತರಿಸಬೇಕು. ಕಾನುತೋಟದ ಅಣ್ಣಾ, ಸೆಪ್ಟೆಂಬರ್ ಕೊನೆಯಲ್ಲಿ ಕಡ್ಡಿ ಬೇಕೆಂದರೆ ತಾಯಿಗಿಡಗಳನ್ನು ಈಗಲೇ ಸವರಬಹುದೇ, ಅಥವಾ ಈ ಮಳೆಯಲ್ಲಿ ಕತ್ತರಿಸಿದ ಗಾಯಕ್ಕೆ ಕೊಳೆ ಹತ್ತುತ್ತದೆಯೇ?

ಕಾನುತೋಟ:

ಈಗ ಪೂರ್ತಿ ಸವರಬೇಡಿ. ಎರಡು ದಿನ ಹೊಳವು ಸಿಕ್ಕಿದಾಗ ಪ್ರತಿ ಗಿಡದಲ್ಲಿ ಮೂರು ನಾಲ್ಕು ಟೊಂಗೆಗಳ ತುದಿಯನ್ನು ಮಾತ್ರ, ನೀರು ಜಾರಿ ಹೋಗುವಂತೆ ಓರೆಯಾಗಿ ಕತ್ತರಿಸಿ. ಉಳಿದ ಟೊಂಗೆಗಳಲ್ಲಿ ಈ ವರ್ಷದ್ದೇ ಹದವಾದ ಕಡ್ಡಿ ಸಿಗುತ್ತದೆ. ಮೊದಲ ಮಡಿಗೆ 100 ಸಾಕು.